ಪಿ.ಜಿ. ಬಿಡುವ ನೋಟಿಸ್ ಮತ್ತು ಅಡ್ವಾನ್ಸ್ ವಾಪಸ್ ಕೋರಿ ಪತ್ರ

ದಿನಾಂಕ: 30 ಅಕ್ಟೋಬರ್ 2025, ಗುರುವಾರ
ವಿಜಯನಗರ, ಬೆಂಗಳೂರು

ಇಂದ:
ಸಹನಾ
ರೂಮ್ ನಂಬರ್ 204, ಟೂ ಶೇರಿಂಗ್, ಕಿಟಕಿ ಪಕ್ಕದ ಬೆಡ್

ಗೆ:
ಪಿ.ಜಿ. ಮಾಲೀಕರು, ಆಂಟಿಯವರಿಗೆ

ವಿಷಯ: ನವೆಂಬರ್ 30ಕ್ಕೆ ರೂಮ್ ಖಾಲಿ ಮಾಡುವುದು, ಅಡ್ವಾನ್ಸ್ 16,000 ರೂಪಾಯಿ ಲೆಕ್ಕ ಮುಗಿಸಿ ವಾಪಸ್ ಕೊಡುವುದು

ಆಂಟಿ, ನಮಸ್ಕಾರ.

ನಾನು ನವೆಂಬರ್ 30, ಭಾನುವಾರ ರೂಮ್ ಖಾಲಿ ಮಾಡುತ್ತಿದ್ದೇನೆ. ಒಂದು ತಿಂಗಳ ನೋಟಿಸ್ ಅಂತ ಈ ಪತ್ರ ಕೊಡುತ್ತಿದ್ದೇನೆ. ನಮ್ಮ ಬಾಗಿಲ ಹಿಂದೆ ಅಂಟಿಸಿರುವ ನಿಯಮಗಳ ಹಾಳೆಯಲ್ಲಿ "ಬಿಡುವ 30 ದಿನ ಮುಂಚೆ ತಿಳಿಸಬೇಕು, ತಿಂಗಳ ಕೊನೆಗೇ ಖಾಲಿ ಮಾಡಬೇಕು" ಅಂತ ಇದೆ. ಇವತ್ತಿಂದ ಲೆಕ್ಕ ಹಾಕಿದರೆ 31 ದಿನ ಆಗುತ್ತದೆ.

ಮೊನ್ನೆ ಮೆಟ್ಟಿಲ ಹತ್ತಿರ ಸಿಕ್ಕಾಗ ಬಾಯಲ್ಲಿ ಹೇಳಿದ್ದೆ. ನೀವು "ಆಯ್ತು ಬಿಡಮ್ಮ, ನೋಡೋಣ" ಅಂದಿರಿ. ಆದರೂ ಬರೆದು ಕೊಡುತ್ತಿದ್ದೇನೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮೇಲೆ ಅನುಮಾನ ಇದ್ದು ಅಲ್ಲ. ಇಲ್ಲಿಗೆ ಬರುವ ಮುಂಚೆ ಬೇರೆ ಕಡೆ ಒಂದು ಪಿ.ಜಿ.ಯಲ್ಲಿದ್ದೆ. ಅಲ್ಲಿ ಬಾಯಿಮಾತಲ್ಲೇ ಹೇಳಿ ಬಿಟ್ಟು ಬಂದೆ. ಆಮೇಲೆ ಅವರು "ನೀನು ನೋಟಿಸ್ ಕೊಟ್ಟೇ ಇಲ್ಲ" ಅಂದರು. ಅಡ್ವಾನ್ಸ್ ವಾಪಸ್ ಕೇಳಿ ಎರಡು ತಿಂಗಳು ಫೋನ್ ಮಾಡಿದೆ, ಕೊನೆಗೆ ಎತ್ತುವುದನ್ನೇ ನಿಲ್ಲಿಸಿದರು. ಆಗ ನನ್ನ ಸಂಬಳವೇ ಹದಿನೆಂಟು ಸಾವಿರ. ಅದರಲ್ಲಿ ಆರು ಸಾವಿರ ಕಳೆದುಕೊಳ್ಳುವುದು ಅಂದರೆ ಊರಿಗೆ ಎರಡು ತಿಂಗಳು ದುಡ್ಡು ಕಳಿಸದೆ ಇರುವುದು. ಅವತ್ತಿಂದ ದುಡ್ಡಿನ ವಿಷಯ ಏನಿದ್ದರೂ ಕಾಗದದಲ್ಲಿ ಬರೆಯುತ್ತೇನೆ. ಇಬ್ಬರಿಗೂ ನೆಮ್ಮದಿ, ಅಲ್ವಾ?

ಬಿಡುತ್ತಿರುವ ಕಾರಣ ನಿಮಗೆ ಗೊತ್ತೇ ಇದೆ. ನಮ್ಮ ಆಫೀಸು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಮೂರು ತಿಂಗಳಾಯಿತು. ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ಸ್ವಲ್ಪ ಸುಲಭ ಆಯಿತು ನಿಜ. ಆದರೂ ಇಲ್ಲಿಂದ ಹತ್ತಿ, ಮೆಜೆಸ್ಟಿಕ್‌ನಲ್ಲಿ ಒಂದು ಸಲ ಬದಲಾಯಿಸಿ, ಆರ್.ವಿ. ರೋಡಿನಲ್ಲಿ ಇನ್ನೊಂದು ಸಲ ಬದಲಾಯಿಸಿ ಹೋಗಿ ಬರುವಷ್ಟರಲ್ಲಿ ದಿನಾ ಸುಸ್ತಾಗಿ ಬೀಳುತ್ತೇನೆ. ತಮ್ಮನಿಗೂ ಆ ಕಡೆಯೇ ಕೆಲಸ ಸಿಕ್ಕಿದೆ. ಅಮ್ಮನೂ ಅರಸೀಕೆರೆಯಿಂದ ಬಂದು ನಮ್ಮ ಜೊತೆ ಇರುತ್ತೇನೆ ಅಂದಿದ್ದಾರೆ. ಹಾಗಾಗಿ ಹೊಸ ರೋಡ್ ಹತ್ತಿರ ಒಂದು ಸಣ್ಣ ಮನೆ ನೋಡಿದ್ದೇವೆ. ನಿಮ್ಮ ಪಿ.ಜಿ.ಯಲ್ಲಿ ಏನೋ ಸರಿಯಿಲ್ಲ ಅಂತ ಹೋಗುತ್ತಿಲ್ಲ.

ಈಗ ಲೆಕ್ಕದ ವಿಷಯ.

ನಾನು ಸೇರಿದ್ದು 3 ಜೂನ್ 2024, ಸೋಮವಾರ. ಅವತ್ತು ಕೊಟ್ಟ ಅಡ್ವಾನ್ಸ್ 16,000 ರೂಪಾಯಿ. ಆಗಿನ ಬಾಡಿಗೆ 8,000, ಅದರ ಎರಡು ತಿಂಗಳದ್ದು. ನೀವು ಹಳದಿ ಚೀಟಿಯಲ್ಲಿ ನಿಮ್ಮ ಕೈಯಲ್ಲೇ "ಅಡ್ವಾನ್ಸ್ 16,000, ಬಿಡುವಾಗ ಮೇಂಟೆನೆನ್ಸ್ 1,500 ಕಟ್" ಅಂತ ಬರೆದು ಸಹಿ ಹಾಕಿದ್ದಿರಿ. ಆ ಚೀಟಿ ನನ್ನ ಹತ್ತಿರ ಭದ್ರವಾಗಿದೆ. ಜೆರಾಕ್ಸ್ ಈ ಪತ್ರದ ಜೊತೆ ಇಟ್ಟಿದ್ದೇನೆ.

ಈ ವರ್ಷ ಜೂನ್‌ನಿಂದ ಬಾಡಿಗೆ 8,800 ಆಯಿತು. ಅದನ್ನೂ ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಕಳಿಸಿದ್ದೇನೆ. ಕಳೆದ ವರ್ಷ ಆಗಸ್ಟ್ ತಿಂಗಳದ್ದು ಮಾತ್ರ ಒಂಬತ್ತಕ್ಕೆ ಹಾಕಿದೆ. ಆಗ ಅಪ್ಪನ ಆಸ್ಪತ್ರೆ ಖರ್ಚಿತ್ತು, ನಿಮಗೆ ಮೊದಲೇ ಹೇಳಿದ್ದೆ, ನೀವು ಒಂದು ಮಾತೂ ಅನ್ನಲಿಲ್ಲ. ಅಕ್ಟೋಬರ್‌ವರೆಗೆ ಬಾಕಿ ಏನೂ ಇಲ್ಲ. ಯು.ಪಿ.ಐ.ನಲ್ಲಿ ಕಳಿಸಿದ ಎಲ್ಲದರ ಸ್ಕ್ರೀನ್‌ಶಾಟ್ ಇದೆ. ದೀಪಾವಳಿಗೆ ಊರಿಗೆ ಹೋಗಿದ್ದ ಆರು ದಿನದ ಊಟ ತಿಂಡಿ ಲೆಕ್ಕ ನಾನು ಕೇಳುತ್ತಿಲ್ಲ.

ನವೆಂಬರ್ ಬಾಡಿಗೆ 8,800 ರೂಪಾಯಿ ಎಂದಿನಂತೆ ಐದನೇ ತಾರೀಖಿನೊಳಗೆ ಹಾಕುತ್ತೇನೆ. ಹಾಗಾದರೆ ನೀವು ನನಗೆ ಕೊಡಬೇಕಾಗಿರುವುದು 16,000ದಲ್ಲಿ 1,500 ಕಳೆದು 14,500 ರೂಪಾಯಿ.

ಒಂದೇ ಸಲ ಅಷ್ಟು ದುಡ್ಡು ತೆಗೆದು ಕೊಡುವುದು ನಿಮಗೆ ಕಷ್ಟ ಆಗುತ್ತದೆ ಅಂದರೆ ಇನ್ನೊಂದು ದಾರಿ ಇದೆ. ನವೆಂಬರ್ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲೇ ಹಿಡಿದುಕೊಳ್ಳಿ. ಆಗ ಉಳಿಯುವುದು 5,700 ರೂಪಾಯಿ. ಅದನ್ನು ಹೋಗುವ ದಿನ ಕೊಟ್ಟರೆ ಸಾಕು. ನನಗೆ ಎರಡೂ ಒಂದೇ. ಆದರೆ ಯಾವುದು ಅಂತ ನವೆಂಬರ್ 4ರೊಳಗೆ ಹೇಳಿಬಿಡಿ. ನೀವು ಏನೂ ಹೇಳದಿದ್ದರೆ ಐದಕ್ಕೆ ಬಾಡಿಗೆ ಹಾಕಿಬಿಡುತ್ತೇನೆ, ಸುಮ್ನೆ ಬಾಕಿ ಇಟ್ಟುಕೊಂಡು ಓಡಾಡುವುದು ನನಗೆ ಆಗುವುದಿಲ್ಲ.

ಒಂದು ವಿಷಯ ಮಾತ್ರ ನೇರವಾಗಿ ಕೇಳುತ್ತೇನೆ ಆಂಟಿ. ನನ್ನ ದುಡ್ಡು ನವೆಂಬರ್ 30ಕ್ಕೇ ಬೇಕು. ಹೊಸ ಮನೆಗೆ ಅಡ್ವಾನ್ಸ್ 65,000 ಕೇಳಿದ್ದಾರೆ, ಐದು ತಿಂಗಳ ಬಾಡಿಗೆ. ಟೋಕನ್ ಅಂತ 5,000 ಕೊಟ್ಟಾಗಿದೆ. ಉಳಿದ 60,000 ಡಿಸೆಂಬರ್ 1, ಸೋಮವಾರ ಬೆಳಿಗ್ಗೆ ಕೊಟ್ಟರೇ ಕೀ. ನಿಮ್ಮಿಂದ ಬರುವ ದುಡ್ಡನ್ನೂ ಸೇರಿಸಿಯೇ ನಾನು, ತಮ್ಮ ಲೆಕ್ಕ ಹಾಕಿದ್ದೇವೆ. ನನ್ನ ಪಕ್ಕದ ಬೆಡ್‌ನಲ್ಲಿ ಮುಂಚೆ ಇದ್ದ ಹುಡುಗಿಗೆ "ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ಹಾಕುತ್ತೇನೆ" ಅಂದಿದ್ದಿರಿ. ಅವಳಿಗೆ ದುಡ್ಡು ಸಿಕ್ಕಿತು, ಇಲ್ಲ ಅನ್ನುವುದಿಲ್ಲ. ಆದರೆ ಏಳು ವಾರ ಆಯಿತು. ಅಷ್ಟು ದಿನವೂ ಅವಳು ನನಗೆ ಫೋನ್ ಮಾಡಿ "ಬೆಡ್ ಫಿಲ್ ಆಯ್ತಾ?" ಅಂತ ಕೇಳುತ್ತಿದ್ದಳು. ಬೆಡ್ ತುಂಬುವುದು ನಮ್ಮ ಕೈಯಲ್ಲಿ ಇಲ್ಲ. ತಿಂಗಳ ಮುಂಚೆ ಹೇಳುವುದು ನಮ್ಮ ಕೈಯಲ್ಲಿದೆ, ಅದನ್ನು ಮಾಡಿದ್ದೇನೆ.

ಹೊಸಬರು ಬೇಗ ಸಿಗಲಿ ಅಂತ ನನ್ನಿಂದ ಆಗುವುದನ್ನೂ ಮಾಡುತ್ತೇನೆ. ರೂಮ್ ತೋರಿಸಬೇಕಾದರೆ ಸಂಜೆ ಏಳೂವರೆ ಮೇಲೆ, ಇಲ್ಲ ಶನಿವಾರ ಭಾನುವಾರ ಯಾವಾಗ ಬೇಕಾದರೂ ಕರೆದುಕೊಂಡು ಬನ್ನಿ. ನಾನಿಲ್ಲದಾಗ ಬರುವುದಾದರೆ ಒಂದು ಮೆಸೇಜ್ ಹಾಕಿ, ಸಾಕು. ನಮ್ಮ ಹಳೇ ಆಫೀಸಿನ ಬಿಲ್ಡಿಂಗ್‌ನಲ್ಲಿ ಕೆಲಸ ಮಾಡುವ ಇಬ್ಬರು ಹುಡುಗಿಯರು ಈ ಕಡೆ ರೂಮ್ ಹುಡುಕುತ್ತಿದ್ದಾರೆ. ಅವರಿಗೆ ನಿಮ್ಮ ನಂಬರ್ ಕೊಟ್ಟಿದ್ದೇನೆ. ನೀರು ಯಾವತ್ತೂ ನಿಂತಿಲ್ಲ, ಗೇಟ್ ಹತ್ತಿರ ಲೈಟ್ ಇರುತ್ತದೆ, ರಾತ್ರಿ ಲೇಟಾದರೆ ಆಂಟಿ ಎದ್ದು ಬಾಗಿಲು ತೆಗೆಯುತ್ತಾರೆ ಅಂತ ಹೇಳಿದ್ದೇನೆ.

ರೂಮಿನ ಸ್ಥಿತಿ ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ. ಕೊನೇ ದಿನ ಲಗೇಜು ಗೇಟ್ ಹತ್ತಿರ ಇಟ್ಟುಕೊಂಡು ಮಾತಾಡುವ ಹಾಗೆ ಆಗಬಾರದು.

ಕಿಟಕಿ ಮೇಲಿನ ಗೋಡೆಯಲ್ಲಿ ತೇವದ ಕಲೆ ಇದೆ. ನಾನು ಸೇರಿದ ದಿನ ಅದು ಅಂಗೈ ಅಗಲ ಇತ್ತು. ಅವತ್ತೇ ತೆಗೆದ ಫೋಟೋ ಇದೆ, ತಾರೀಖಿನ ಸಮೇತ. ಈ ಮಳೆಗಾಲದಲ್ಲಿ ಅದು ಮೊಳಕೈ ಉದ್ದಕ್ಕೆ ಹರಡಿದೆ. ಬಣ್ಣ ಹಪ್ಪಳದ ಹಾಗೆ ಎದ್ದು ನನ್ನ ದಿಂಬಿನ ಮೇಲೆ ಉದುರುತ್ತದೆ. ಅದು ಮೇಲಿನ ಟ್ಯಾಂಕಿನಿಂದ ಬರುತ್ತಿರುವ ನೀರು ಅಂತ ಅಂಕಲ್ಲೇ ನೋಡಿ ಹೇಳಿದ್ದರು. ಹಾಗಾಗಿ ಅದರ ಪೇಂಟಿಂಗ್ ಖರ್ಚು ನನ್ನ ಲೆಕ್ಕಕ್ಕೆ ಬರಬಾರದು.

ನನ್ನಿಂದ ಆಗಿರುವುದು ಎರಡು. ಕನ್ನಡಿ ಹಾಕಲು ಎರಡು ಮೊಳೆ ಹೊಡೆದಿದ್ದೇನೆ. ಅವನ್ನು ಕಿತ್ತು ತೂತಿಗೆ ವಾಲ್ ಪುಟ್ಟಿ ತುಂಬಿಸುತ್ತೇನೆ. ಹಾಸಿಗೆ ಮೇಲೆ ಕಾಫಿ ಚೆಲ್ಲಿದ ಕಲೆ ನನ್ನದೇ. ಕವರ್ ಹಾಕಿದ್ದರೂ ಒಳಗೆ ಇಳಿದಿದೆ. ತೊಳೆಸಿ ನೋಡುತ್ತೇನೆ. ಹೋಗದಿದ್ದರೆ ಏನು ಕೊಡಬೇಕು ಅಂತ ಹೇಳಿ, ಕೊಡುತ್ತೇನೆ. ಕಪಾಟಿನ ಬೀಗ ಕೆಟ್ಟಾಗ 350 ರೂಪಾಯಿ ಕೊಟ್ಟು ನಾನೇ ಬದಲಾಯಿಸಿದ್ದೆ, ಅದನ್ನು ಹಾಗೇ ಬಿಟ್ಟು ಹೋಗುತ್ತೇನೆ. ಇವು ಬಿಟ್ಟು ಬೇರೆ ಏನಾದರೂ ಕಟ್ ಮಾಡಬೇಕು ಅಂತಿದ್ದರೆ ನವೆಂಬರ್ 20ರೊಳಗೆ ರೂಮಿಗೆ ಬಂದು ನೋಡಿ, ಯಾವುದಕ್ಕೆ ಎಷ್ಟು ಅಂತ ಬರೆದು ಕೊಡಿ. ಸರಿ ಮಾಡಿಸುವಂಥದ್ದಾದರೆ ಉಳಿದ ಹತ್ತು ದಿನದಲ್ಲಿ ನಾನೇ ಮಾಡಿಸುತ್ತೇನೆ.

30ರ ಬೆಳಿಗ್ಗೆ ಹತ್ತು ಗಂಟೆಗೆ ರೂಮ್ ಗುಡಿಸಿ ಒರೆಸಿ ರೆಡಿ ಇಟ್ಟಿರುತ್ತೇನೆ. ನೀವೋ ಅಂಕಲ್ಲೋ ಒಂದು ಸಲ ಬಂದು ನೋಡಿ. ರೂಮಿನ ಕೀ ಒಂದು, ಕಪಾಟಿನ ಕೀ ಎರಡು, ಗೇಟ್ ಕೀ ಒಂದು, ಒಟ್ಟು ನಾಲ್ಕು ಕೀ ನಿಮ್ಮ ಕೈಗೇ ಕೊಡುತ್ತೇನೆ. ಆಗಲೇ ದುಡ್ಡನ್ನು, ನಾನು ಯಾವ ನಂಬರಿನಿಂದ ಬಾಡಿಗೆ ಕಳಿಸುತ್ತೇನೋ ಆ ನನ್ನ ನಂಬರಿಗೇ ಹಾಕಿದರೆ ಸಾಕು. ಕ್ಯಾಶ್ ಆದರೂ ಪರವಾಗಿಲ್ಲ. ದುಡ್ಡು ಬಂತು ಅಂತ ಹಳದಿ ಚೀಟಿ ಮೇಲೇ ಬರೆದು ಸಹಿ ಹಾಕಿ ನಿಮಗೆ ವಾಪಸ್ ಕೊಡುತ್ತೇನೆ. ಟೆಂಪೋ ಹನ್ನೊಂದೂವರೆಗೆ ಬರುತ್ತದೆ.

ಸೇರುವಾಗ ಕೊಟ್ಟಿದ್ದ ಆಧಾರ್ ಜೆರಾಕ್ಸ್ ಮತ್ತು ಎರಡು ಫೋಟೋ ಅವತ್ತೇ ವಾಪಸ್ ಕೊಡಿ. ರಿಜಿಸ್ಟರ್‌ಗೆ ಬೇಕು ಅಂತಾದರೆ ಖಾಲಿ ಮಾಡಿದ ತಾರೀಖನ್ನು ನನ್ನ ಹೆಸರಿನ ಮುಂದೆ ಬರೆದುಕೊಳ್ಳಿ. ಬ್ಯಾಂಕಿಗೆ ಈ ವಿಳಾಸವೇ ಕೊಟ್ಟಿದ್ದೆ, ಬದಲಾಯಿಸಲು ಅರ್ಜಿ ಹಾಕಿದ್ದೇನೆ. ಅಷ್ಟರಲ್ಲಿ ಯಾವುದಾದರೂ ಕವರ್ ಬಂದರೆ ಎತ್ತಿಟ್ಟು ಫೋನ್ ಮಾಡಿ, ಬಂದು ತೆಗೆದುಕೊಂಡು ಹೋಗುತ್ತೇನೆ.

ಈ ಪತ್ರದ ಎರಡು ಪ್ರತಿ ತಂದಿದ್ದೇನೆ. ಒಂದು ನಿಮಗೆ. ಇನ್ನೊಂದರ ಮೇಲೆ "ತಲುಪಿದೆ" ಅಂತ ಬರೆದು, ತಾರೀಖು ಹಾಕಿ, ಸಹಿ ಮಾಡಿಕೊಡಿ. ಇದರ ಫೋಟೋ ವಾಟ್ಸಾಪ್‌ನಲ್ಲೂ ಕಳಿಸಿರುತ್ತೇನೆ.

ಕಳೆದ ಚಳಿಗಾಲದಲ್ಲಿ ನನಗೆ ಜ್ವರ ಬಂದು ಮೂರು ದಿನ ಏಳಲಾಗದೆ ಮಲಗಿದ್ದಾಗ ನೀವು ಗಂಜಿ ಮಾಡಿ, ಮೇಲೆ ಒಂದು ಚೂರು ನಿಂಬೆಹಣ್ಣಿನ ಉಪ್ಪಿನಕಾಯಿ ಇಟ್ಟು, ಎರಡು ಮಹಡಿ ಹತ್ತಿ ತಂದುಕೊಟ್ಟಿದ್ದಿರಿ. ನಿಮಗೆ ಮಂಡಿ ನೋವು ಅಂತ ಆಗ ನನಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಅದನ್ನು ಅಮ್ಮನಿಗೂ ಹೇಳಿದ್ದೇನೆ. 30ನೇ ತಾರೀಖು ಸಾಮಾನು ಸಾಗಿಸಲು ಅಮ್ಮನೂ ಬರುತ್ತಾರೆ, ನಿಮ್ಮನ್ನು ನೋಡಲೇಬೇಕಂತೆ. ಅವತ್ತು ಬೆಳಿಗ್ಗೆ ಎಲ್ಲೂ ಹೋಗಬೇಡಿ ಆಂಟಿ.

ಇಂತಿ ನಿಮ್ಮ,
ಸಹನಾ
ರೂಮ್ 204

ಜೊತೆಗೆ ಇಟ್ಟಿರುವುದು: ಅಡ್ವಾನ್ಸ್ ಚೀಟಿಯ ಜೆರಾಕ್ಸ್, 3 ಜೂನ್ 2024ರಂದು ತೆಗೆದ ಗೋಡೆಯ ಫೋಟೋದ ಪ್ರಿಂಟ್