ಮೊದಲ ಮಹಡಿಯ ಟಿವಿ: ಬಾಡಿಗೆದಾರರ ಗಮನಕ್ಕೆ

ವಿದ್ಯಾನಗರ, ಹುಬ್ಬಳ್ಳಿ

ಗೋಡೆಯ ಸ್ವಿಚ್ ಹಾಕಿದ ಮೇಲೆ ಸೆಟ್-ಟಾಪ್ ಬಾಕ್ಸ್‌ನ ಕೆಂಪು ದೀಪ ಹಸಿರಾಗುವವರೆಗೆ ಒಂದೆರಡು ನಿಮಿಷ ಕಾಯಿರಿ.

ಉದ್ದನೆಯ ಕಪ್ಪು ರಿಮೋಟ್ ಟಿವಿಯದು. ಅದರಿಂದ ಟಿವಿ ಹಚ್ಚಿ, ಆರಿಸಿ, ಅಷ್ಟೇ. ಚಾನೆಲ್ ಮತ್ತು ಧ್ವನಿಗೆ ಬೂದು ಬಣ್ಣದ ಗಿಡ್ಡ ರಿಮೋಟ್ ಬಳಸಿರಿ.

ಪರದೆಯ ಮೇಲೆ No Signal ಎಂದು ಬಂದರೆ ಗಾಬರಿಯಾಗಬೇಡಿರಿ. ಹೆಚ್ಚಿನ ಸಲ ಕಪ್ಪು ರಿಮೋಟ್‌ನ Source ಗುಂಡಿ ಕೈತಪ್ಪಿ ಒತ್ತಿರುತ್ತದೆ. ಅದನ್ನೇ ಮತ್ತೆ ಒತ್ತಿ HDMI 1 ಆರಿಸಿ, OK ಒತ್ತಿರಿ. ಆದರೂ ಚಿತ್ರ ಬಾರದಿದ್ದರೆ ಬಾಕ್ಸ್‌ನ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿರಿ. ಹಿಂದಿನ ತಂತಿಗಳನ್ನು ದಯವಿಟ್ಟು ಕೀಳಬೇಡಿರಿ.

ಜೋರು ಮಳೆಯಲ್ಲಿ ಚಿತ್ರ ಒಡೆಯುವುದು ಸಹಜ. ಮೋಡ ದಟ್ಟವಾದಾಗ ಡಿಶ್‌ಗೆ ಉಪಗ್ರಹದ ಸಂಕೇತ ಸರಿಯಾಗಿ ತಲುಪುವುದಿಲ್ಲ. ಮಳೆ ನಿಂತರೆ ತಾನೇ ಸರಿಯಾಗುತ್ತದೆ. ಡಿಶ್ ತಿರುಗಿಸಲು ಟೆರೇಸ್ ಹತ್ತಬೇಡಿರಿ, ಪಾಚಿಗೆ ಕಾಲು ಜಾರುತ್ತದೆ. ಗುಡುಗು ಸಿಡಿಲಿದ್ದರೆ ಎರಡೂ ಪ್ಲಗ್ ತೆಗೆದಿಡಿರಿ.

ರಿಮೋಟ್‌ಗಳಿಗೆ ಎರಡೆರಡು ಸಣ್ಣ AAA ಸೆಲ್ ಬೇಕು. ಹೊಸ ಜೋಡಿ ಟಿವಿ ಕೆಳಗಿನ ಡ್ರಾಯರ್‌ನಲ್ಲಿದೆ.

ಕನ್ನಡ ಚಾನೆಲ್‌ಗಳ ಮಾಸಿಕ ರೀಚಾರ್ಜ್ ನಾವೇ ಮಾಡಿಸುತ್ತೇವೆ. ಬೇರೆ ಭಾಷೆಯವು ಬೇಕಿದ್ದರೆ ಸಂಕೋಚವಿಲ್ಲದೆ ಕೆಳಗಿನ ಮನೆಗೆ ಬಂದು ತಿಳಿಸಿರಿ.

— ಮನೆಯ ಮಾಲೀಕರು, ನೆಲಮಹಡಿ