ಎಂಟನೆಯ ಹೆಸರು

ತುಮಕೂರಿನ ಆ ನಿಧಿಯ ಕಚೇರಿಯಲ್ಲಿ ಪ್ರತಿ ವರ್ಷ ಎಂಟು ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಿದ್ದರು. ಪಟ್ಟಿ ತಯಾರಿಸುವ ಗುಮಾಸ್ತೆ ಸುಮಿತ್ರಾಗೆ ಮೊದಲ ಏಳು ಹೆಸರುಗಳಲ್ಲಿ ಯಾವ ಅನುಮಾನವೂ ಇರಲಿಲ್ಲ. ಏಳನೆಯ ಹುಡುಗಿಗೆ ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 566 ಅಂಕ ಬಂದಿದ್ದು, ಪಟ್ಟಿಯಲ್ಲಿ ಅದು ಶೇಕಡಾ 91 ಎಂದಿತ್ತು. ಎಂಟನೆಯವನು ಶೇಕಡಾ 90ರ ಹುಡುಗ. ಆದರೆ ಅಂಕಪಟ್ಟಿಯ ಜೆರಾಕ್ಸ್ ಪ್ರತಿಗಳೊಂದಿಗೆ ತಾಳೆ ನೋಡುವಾಗ ಅವನ ಒಟ್ಟು 561 ಎಂದೂ, ಅವನ ಕೆಳಗೆ ಉಳಿದ ಇಬ್ಬರು ಹುಡುಗಿಯರ ಒಟ್ಟು ತಲಾ 565 ಎಂದೂ ಕಂಡಿತು. ಅವಳು ಸ್ಕೇಲನ್ನು ಆ ಸಾಲಿನ ಕೆಳಗಿಟ್ಟು ಮತ್ತೊಮ್ಮೆ ಓದಿದಳು.

ಶೇಕಡಾವಾರು ಕಾಲಮ್ಮಿನಲ್ಲಿ ಹಿಂದಿನವರು ಬಿಟ್ಟುಹೋದ ಸೂತ್ರವಿತ್ತು:

```
=ROUND(E9/625*100,0)
```

ಅದು 90.40ನ್ನು ಕೆಳಕ್ಕೂ 89.76ನ್ನು ಮೇಲಕ್ಕೂ ಎಳೆದು ಎರಡನ್ನೂ 90 ಮಾಡಿತ್ತು. 560ರಿಂದ 565ರವರೆಗೆ ಯಾವ ಒಟ್ಟು ಬಂದರೂ ಇಲ್ಲಿ 90. ಇನ್ನೊಂದೇ ಅಂಕ ಸೇರಿದರೆ 91. ಹೀಗೆ ಹುಟ್ಟಿದ ಸಮಬಲವನ್ನು ಜನ್ಮದಿನಾಂಕದಿಂದ ಬಿಡಿಸಿದ್ದರಿಂದ, ಮೂವರಲ್ಲಿ ಹಿರಿಯನಾದ ಹುಡುಗ ಮೇಲೆ ಬಂದಿದ್ದ.

ಅವನ ಅರ್ಜಿಯನ್ನು ಅವಳು ತೆರೆದು ನೋಡಿದಳು. ತಂದೆಯ ಉದ್ಯೋಗದ ಜಾಗದಲ್ಲಿ ನೀಲಿ ಶಾಯಿಯಲ್ಲಿ ‘ಹಮಾಲಿ’ ಎಂದು ಬರೆದು, ತಪ್ಪಾಯಿತೇನೋ ಎಂಬಂತೆ ಅದೇ ಅಕ್ಷರಗಳ ಮೇಲೆ ಇನ್ನೊಮ್ಮೆ ತಿದ್ದಿದ್ದ. ಸುಮ್ಮನಿದ್ದರೆ ಹಣ ಇವನಿಗೇ ಹೋಗುತ್ತಿತ್ತು. ಬಹಳ ಹೊತ್ತು ಆ ಅರ್ಜಿ ಅವಳ ಕೈಯಲ್ಲೇ ಇತ್ತು.

ಕೊನೆಗೆ ನಿಯಮಾವಳಿಯನ್ನೂ ಅಂಕಪಟ್ಟಿಗಳನ್ನೂ ಹಿಡಿದು ಸೂಪರಿಂಟೆಂಡೆಂಟರ ಮೇಜಿಗೆ ಹೋದಳು.

“ಕಳೆದ ವರ್ಷವೂ ಹೀಗೇ ಮಾಡಿದ್ದೆವಲ್ಲಮ್ಮ?”

“ಸರ್, ನಿಯಮದಲ್ಲಿ ‘ಸಮಾನ ಅಂಕ ಬಂದಲ್ಲಿ ಹಿರಿಯರಿಗೆ ಆದ್ಯತೆ’ ಅಂತಿದೆ. ಈ ಹುಡುಗನಿಗೂ ಆ ಹುಡುಗಿಯರಿಗೂ ಅಂಕ ಸಮಾನವಾಗಿಲ್ಲ. ನಾವು ದಶಾಂಶ ಅಳಿಸಿ ಸಮ ಮಾಡಿದ್ದೇವೆ.”

ಅವರು ಕನ್ನಡಕ ಏರಿಸಿಕೊಂಡು ಮೂರೂ ಅಂಕಪಟ್ಟಿಗಳ ವಿಷಯವಾರು ಅಂಕಗಳನ್ನು ಪೆನ್ಸಿಲಿನಿಂದ ಕೂಡಿದರು. 565, 565, 561. ಎರಡನೆಯ ಸಲ ಕೂಡಿದರೂ ಅಷ್ಟೇ ಬಂದಿತು.

“ಒಟ್ಟು ಅಂಕದ ಮೇಲೇ ಪಟ್ಟಿ ಮಾಡಿ,” ಎಂದರು.

ಹುಡುಗಿಯರ ಸಮಬಲ ಮಾತ್ರ ನಿಜವಾದದ್ದು. ಅಲ್ಲಿ ಹನ್ನೊಂದು ದಿನ ಮೊದಲು ಹುಟ್ಟಿದವಳ ಹೆಸರು ಎಂಟನೆಯ ಸಾಲಿಗೆ ಬಂದಿತು. ಇನ್ನೊಬ್ಬಳನ್ನು ಕಾಯ್ದಿರಿಸಿದ ಪಟ್ಟಿಯಲ್ಲಿ ಮೊದಲಿಗೂ ಹುಡುಗನನ್ನು ಎರಡನೆಯದಕ್ಕೂ ಬರೆಯುವಾಗ ಅವಳು ಅವರ ಅಂಕಗಳನ್ನೂ ಪಕ್ಕದಲ್ಲಿ ನಮೂದಿಸಿದಳು.

ಸಹಿ ಹಾಕಿದ ಮೇಲೆ ಸೂಪರಿಂಟೆಂಡೆಂಟರು ಪೆನ್ನಿನ ಮುಚ್ಚಳ ಹಾಕದೆ ಕುಳಿತಿದ್ದರು.

“ಕಳೆದ ವರ್ಷದ ಫೈಲನ್ನೂ ತನ್ನಿ,” ಎಂದರು.

ಸುಮಿತ್ರಾ ಬೀರುವಿನ ಬೀಗ ತೆಗೆದಳು.