ವಿಷಯ: ರೇಖಾ ಅವರು ಕೆಲಸ ಬಿಟ್ಟಿದ್ದಾರೆ, ನಿಮ್ಮ ಕಾರ್ಟನ್ ಮತ್ತು ಲೇಬಲ್ ಆರ್ಡರ್‌ಗಳನ್ನು ಇನ್ನು ಮಂಜುನಾಥ್ ನೋಡಿಕೊಳ್ಳುತ್ತಾರೆ

ನಮಸ್ಕಾರ,

ಇಷ್ಟು ವರ್ಷ ನಿಮ್ಮ ಆರ್ಡರ್‌ಗಳನ್ನು ನೋಡಿಕೊಂಡ ರೇಖಾ ಅವರು ಜೂನ್ 14ಕ್ಕೆ ನಮ್ಮಲ್ಲಿ ಕೆಲಸ ಬಿಟ್ಟಿದ್ದಾರೆ. ಇದು ಅವರದೇ ನಿರ್ಧಾರ, ಒಂದು ತಿಂಗಳು ಮೊದಲೇ ತಿಳಿಸಿದ್ದರು. ಇಂದಿನಿಂದ ಆ ಜವಾಬ್ದಾರಿ ಮಂಜುನಾಥ್ ಅವರದು. ಅವರನ್ನು ಈ ಇಮೇಲ್‌ನ ಸಿಸಿಯಲ್ಲಿ ಸೇರಿಸಿದ್ದೇನೆ. ‘ರಿಪ್ಲೈ ಆಲ್’ ಒತ್ತಿ ಬರೆದರೆ ಇಬ್ಬರಿಗೂ ತಲುಪುತ್ತದೆ.

ಮಂಜುನಾಥ್ ಹೊರಗಿನಿಂದ ಬಂದವರಲ್ಲ. ಆರು ವರ್ಷದಿಂದ ನಮ್ಮ ಪ್ರೆಸ್‌ನಲ್ಲೇ ಪ್ಲಾನಿಂಗ್ ನೋಡುತ್ತಿದ್ದವರು. ಯಾವ ಡೈ ಯಾವ ಮೆಷಿನ್‌ಗೆ ಹೋಗಬೇಕು, ಯಾವ ಬೋರ್ಡ್ ಮಡಿಕೆಯಲ್ಲಿ ಒಡೆಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಕೊನೆಯ ಎರಡು ವಾರ ರೇಖಾ ಅವರ ಪಕ್ಕದಲ್ಲೇ ಕೂತು ಒಂದೊಂದು ಫೈಲನ್ನೂ ವಹಿಸಿಕೊಂಡಿದ್ದಾರೆ. ಆದರೂ ನಿಮ್ಮ ಮೊದಲ ಎರಡು ಆರ್ಡರ್‌ಗಳನ್ನು ಪ್ರಿಂಟ್‌ಗೆ ಬಿಡುವ ಮುನ್ನ ನಾನೂ ಒಮ್ಮೆ ನೋಡುತ್ತೇನೆ.

ಈಗಾಗಲೇ ಪ್ರಿಂಟ್‌ಗೆ ಹೋಗಿರುವ ಕೆಲಸಗಳಿಗೆ ಕೊಟ್ಟ ತಾರೀಖು ಬದಲಾಗುವುದಿಲ್ಲ. ಎಚ್ಚರ ಬೇಕಿರುವುದು ನಿಮ್ಮ ಒಪ್ಪಿಗೆಗಾಗಿ ಕಾಯುತ್ತಿರುವ ಪ್ರೂಫ್‌ಗಳ ವಿಷಯದಲ್ಲಿ. ರೇಖಾ ಅವರು ಕಳಿಸಿದ್ದ ಪ್ರೂಫ್‌ಗೆ ನೀವಿನ್ನೂ ಉತ್ತರಿಸಿಲ್ಲವಾದರೆ ಅದನ್ನು ಬದಿಗಿಡಿ, ಜೂನ್ 20ರೊಳಗೆ ಮಂಜುನಾಥ್ ಹೊಸದಾಗಿ ಕಳಿಸುತ್ತಾರೆ. ಕೈ ಬದಲಾಗುವಾಗ ಹೆಚ್ಚಾಗಿ ಆಗುವ ತಪ್ಪು ಇದೇ: ಮೇಲ್‌ಬಾಕ್ಸ್‌ನಲ್ಲಿ ಒಂದೇ ಪೆಟ್ಟಿಗೆಯ ಎರಡು ಮೂರು ಪಿಡಿಎಫ್ ಇರುತ್ತವೆ, ಹಳೆಯದಕ್ಕೆ ಒಪ್ಪಿಗೆ ಬಂದುಬಿಡುತ್ತದೆ. ಪ್ಲೇಟ್ ಆದಮೇಲೆ ಒಂದಕ್ಷರ ತಿದ್ದಬೇಕಾದರೂ ಹೊಸ ಪ್ಲೇಟ್ ಬೇಕು. ಆದ್ದರಿಂದ ಬರೀ ‘ಓಕೆ’ ಎನ್ನದೆ ‘ಆವೃತ್ತಿ 3, ಜೂನ್ 19ರ ಪ್ರೂಫ್ ಓಕೆ’ ಎಂಬಂತೆ ಆವೃತ್ತಿ, ತಾರೀಖು ಎರಡನ್ನೂ ಬರೆಯಿರಿ.

ಇನ್ನು ನಿಮ್ಮಿಂದ ಆಗಬೇಕಾದ ಒಂದು ಮುಖ್ಯ ಕೆಲಸವಿದೆ. ನಿಮ್ಮ ಪ್ರತಿ ಪೆಟ್ಟಿಗೆ ಮತ್ತು ಲೇಬಲ್‌ನ ಜಾಬ್ ಶೀಟ್ ಲಗತ್ತಿಸಿದ್ದೇನೆ. ಅಳತೆ, ಬೋರ್ಡಿನ ಜಿಎಸ್ಎಂ, ಗ್ರೇನ್ ದಿಕ್ಕು, ಬಣ್ಣಗಳು, ಡೈ ನಂಬರ್ ಎಲ್ಲ ಅದರಲ್ಲಿವೆ. ಇರದೇ ಹೋಗಬಹುದಾದ್ದು ಫೋನಿನಲ್ಲಿ ಮಾತಾಡಿಕೊಂಡ ಸಂಗತಿಗಳು. ಅಂಟು ಹಚ್ಚುವ ಪಟ್ಟಿಯ ಮೇಲೆ ವಾರ್ನಿಷ್ ಬೇಡವೆಂದು ನೀವು ಯಾವತ್ತೋ ಹೇಳಿರಬಹುದು. ಅದು ಶೀಟಿನಲ್ಲಿ ಇಲ್ಲದಿದ್ದರೆ ಅಂಟು ಹಿಡಿಯದೆ ಪೆಟ್ಟಿಗೆಗಳು ನಿಮ್ಮ ಪ್ಯಾಕಿಂಗ್ ಲೈನ್‌ನಲ್ಲೇ ಬಿಚ್ಚಿಕೊಳ್ಳುತ್ತವೆ. ಬ್ಯಾಚ್ ನಂಬರ್ ಹೊಡೆಯುವ ಜಾಗವೂ ಹಾಗೆಯೇ, ವಾರ್ನಿಷ್ ಬಿದ್ದರೆ ಇಂಕು ಕೈಗೆ ಅಳಿಸಿ ಬರುತ್ತದೆ. ಒಂದು ಕಟ್ಟಿನಲ್ಲಿ 50 ಬೇಕೋ 100 ಬೇಕೋ, ಲಾರಿ ಎಷ್ಟು ಹೊತ್ತಿಗೆ ಬರಬೇಕು, ಹೇಳಿದ್ದಕ್ಕಿಂತ ಕೆಲವು ಪೆಟ್ಟಿಗೆ ಹೆಚ್ಚು ಬಂದರೆ ಇಟ್ಟುಕೊಳ್ಳುತ್ತೀರೋ ಇಲ್ಲವೋ, ಇವನ್ನೂ ನೋಡಿ. ಬಿಟ್ಟುಹೋದದ್ದನ್ನು ಶೀಟಿನ ಮೇಲೇ ಪೆನ್ನಿನಲ್ಲಿ ಬರೆದು ಫೋಟೊ ಕಳಿಸಿದರೂ ಸಾಕು. ಜೂನ್ 28ರೊಳಗೆ ಬಂದರೆ ಮುಂದಿನ ಆರ್ಡರ್‌ಗೆ ಮೊದಲೇ ಸೇರಿಸುತ್ತೇವೆ.

ಬಣ್ಣದ ಬಗ್ಗೆ ಒಂದು ಮಾತು. ನೀವು ಸಹಿ ಮಾಡಿಕೊಟ್ಟ ಶೇಡ್ ಕಾರ್ಡ್‌ಗಳು (ತಿಳಿ, ಸರಿಯಾದದ್ದು, ಗಾಢ, ಮೂರೂ) ಕಪ್ಪು ಕವರಿನಲ್ಲಿ ಭದ್ರವಾಗಿವೆ, ಈಗ ಅವು ಮಂಜುನಾಥ್ ಅವರ ಕಪಾಟಿನಲ್ಲಿವೆ. ನಿಮ್ಮ ಬಳಿಯಿರುವ ಕಾರ್ಡ್ ಗೋಡೆಯ ಮೇಲೋ ಕಿಟಕಿಯ ಪಕ್ಕವೋ ಇದ್ದರೆ ದಯವಿಟ್ಟು ಅದರೊಂದಿಗೆ ಹೊಸ ಮಾಲನ್ನು ಹೋಲಿಸಬೇಡಿ. ಬೆಳಕಿಗೆ ಬಣ್ಣ ಮಾಸಿ, ಸರಿಯಾಗಿಯೇ ಬಂದ ಪೆಟ್ಟಿಗೆ ಗಾಢವಾಗಿ ಕಾಣುತ್ತದೆ. ಒಂದು ವರ್ಷ ದಾಟಿದ ಕಾರ್ಡ್‌ಗಳ ಬದಲಿಗೆ ಹೊಸದನ್ನು ಸಹಿಗೆ ಕಳಿಸುತ್ತೇವೆ.

ನಮ್ಮ ಬ್ಯಾಂಕ್ ಖಾತೆ ಬದಲಾಗಿಲ್ಲ. ‘ಹೊಸಬರು ಬಂದಿದ್ದಾರೆ, ಇನ್ನು ಈ ಖಾತೆಗೆ ಹಾಕಿ’ ಎಂಬ ಮೇಲ್ ಯಾರ ಹೆಸರಿನಲ್ಲಿ ಬಂದರೂ, ನನ್ನ ಹೆಸರಿನಲ್ಲೇ ಬಂದರೂ, ಹಣ ಕಳಿಸಬೇಡಿ. ಆ ಮೇಲ್‌ನಲ್ಲಿರುವ ನಂಬರಿಗೆ ಬೇಡ, ನಿಮ್ಮ ಹಳೆಯ ಬಿಲ್ಲಿನ ಮೇಲಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಜನ ಬದಲಾದ ಸುದ್ದಿ ಹಿಡಿದು ಮೋಸ ಮಾಡುವವರಿದ್ದಾರೆ.

ಆಫೀಸಿನ ಫೋನ್ ನಂಬರ್ ಹಿಂದಿನದೇ, ಮಂಜುನಾಥ್ ಎತ್ತುತ್ತಾರೆ. ರೇಖಾ ಅವರ ಇಮೇಲ್‌ಗೆ ಬರೆದದ್ದು ಜುಲೈ 31ರವರೆಗೆ ತಾನಾಗಿಯೇ ಮಂಜುನಾಥ್ ಅವರಿಗೆ ಹೋಗುತ್ತದೆ, ಆಮೇಲೆ ಆ ವಿಳಾಸ ಮುಚ್ಚುತ್ತದೆ. ರೇಖಾ ಅವರ ಸ್ವಂತ ವಾಟ್ಸಾಪ್‌ಗೆ ಆರ್ಡರ್ ಕಳಿಸುವ ರೂಢಿ ಇದ್ದವರು ಇಂದೇ ನಿಲ್ಲಿಸಿ, ಅಲ್ಲಿಗೆ ಹೋದದ್ದು ನಮಗೆ ಕಾಣುವುದಿಲ್ಲ.

ಜೂನ್ 18ರಿಂದ 25ರ ನಡುವೆ ಮಂಜುನಾಥ್ ನಿಮಗೆ ಫೋನ್ ಮಾಡುತ್ತಾರೆ. ಹದಿನೈದು ನಿಮಿಷ ಬಿಡುವು ಮಾಡಿಕೊಂಡು ಜಾಬ್ ಶೀಟ್ ಮುಂದಿಟ್ಟುಕೊಂಡು ಮಾತಾಡಿ. ಒಂದು ದಿನದೊಳಗೆ ಅವರಿಂದ ಉತ್ತರ ಬರದಿದ್ದರೆ ನೇರ ನನಗೇ ಬರೆಯಿರಿ.

ರೇಖಾ ಅವರ ಮೇಲೆ ನೀವಿಟ್ಟಿದ್ದ ನಂಬಿಕೆಗೆ ಧನ್ಯವಾದ. ಅವರಿಗೆ ಎರಡು ಮಾತು ಬರೆಯುವ ಆಸೆಯಿದ್ದರೆ ಈ ಮೇಲ್‌ಗೇ ಉತ್ತರಿಸಿ, ಅವರಿಗೆ ಮುಟ್ಟಿಸುತ್ತೇನೆ.

ವಂದನೆಗಳೊಂದಿಗೆ,
ಶ್ರೀಧರ
ಮುಖ್ಯಸ್ಥ, ಗ್ರಾಹಕ ಸೇವಾ ವಿಭಾಗ
ಜೂನ್ 17

ಲಗತ್ತು: ನಿಮ್ಮ ಜಾಬ್ ಶೀಟ್‌ಗಳು